ಬೀರಪ್ಪನ ಎರಡನೇ ಗಾಡಿ

ಬೀರಪ್ಪನಿಗೆ ಗಾಡಿಗಳು ಎರಡು. ಜನ್ನಾಪುರದ ಹನ್ನೊಂದು ಮಕ್ಕಳನ್ನು ದಿನಾ ನ್ಯೂ ಟೌನಿನ ಶಾಲೆಗೆ ಮುಟ್ಟಿಸುವ ವ್ಯಾನ್ ಒಂದು. ಐವತ್ತೆರಡು ವರ್ಷ ಓಡಿ ಸವೆದ ಅವನ ಮೈ ಇನ್ನೊಂದು. ಸಕ್ಕರೆ ಕಾಯಿಲೆ ಹಿಡಿದ ಮೇಲೆ ಅದನ್ನೂ ಗಾಡಿ ಎಂದೇ ಕರೆಯುತ್ತಿದ್ದ. “ಗಾಡಿ ಇವತ್ತು ಎಳೀತಿಲ್ಲ ಕಣೇ” ಎಂದರೆ ಹೆಂಡತಿ ಜಲಜಮ್ಮನಿಗೆ ಯಾವ ಗಾಡಿ ಎಂದು ಗೊತ್ತಾಗುತ್ತಿತ್ತು. ಫೋನಿಗೆ ಹೇಗೆ ಗೊತ್ತಾಗಬೇಕು?

ದಿನಾ ಸಕ್ಕರೆ ಚೆಕ್ ಮಾಡಿ ಬರೆದಿಡಿ ಎಂದು ಶಿವಮೊಗ್ಗದ ಡಾಕ್ಟರ್ ಪ್ರಿಯದರ್ಶಿನಿ ಹೇಳಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಬರೆಯುವುದೆಂದರೆ ಬೇಸರ. ಫೋನಿಗೆ ಹೇಳಿದರೆ ಅದೇ ಅಕ್ಷರ ಮಾಡಿಕೊಳ್ಳುತ್ತಿತ್ತು. ಯಾವ ಮಗುವಿನ ಮನೆ ಎಲ್ಲಿ, ಎಷ್ಟು ಗಂಟೆಗೆ ಹತ್ತಬೇಕು ಎಂಬ ಪಟ್ಟಿಯೂ ಹಾಗೆಯೇ ಆಗಿತ್ತು. ಅದು ಆನ್‌ಲೈನಿನಲ್ಲಿ ‘ಗಾಡಿ’ ಎಂಬ ಫೋಲ್ಡರಿನಲ್ಲಿತ್ತು. ಅದರ ಲಿಂಕನ್ನು ಪೋಷಕರ ಗ್ರೂಪಿಗೆ ಹಾಕಿದ್ದ. ಮೈಯ ಲೆಕ್ಕಕ್ಕೂ ‘ಗಾಡಿ ಸ್ಥಿತಿ’ ಎಂದು ಹೆಸರಿಟ್ಟ. ಗಾಡಿಯದು ಗಾಡಿ ಫೋಲ್ಡರಿಗೇ ತಾನೇ ಹೋಗಬೇಕು! ಅಲ್ಲಿಗೇ ಹಾಕಿಬಿಟ್ಟ.

ಗುರುವಾರ ಮಧ್ಯಾಹ್ನ, ಮಗಳನ್ನು ಇಳಿಸಿಕೊಳ್ಳಲು ಬಂದ ರಶ್ಮಿ ಫೋನನ್ನು ಅವನ ಮುಖಕ್ಕೆ ಹಿಡಿದಳು.

“‘ಸೋಮವಾರ ಉಪವಾಸ. ಗಾಡಿ ನಡುಗಿತು. ಅರವತ್ತೆರಡು. ಬೆಲ್ಲ ಹಾಕಿದೆ, ಕಾಲು ಗಂಟೆಗೆ ಸರಿಹೋಯ್ತು.’ ವ್ಯಾನಿಗೆ ಬೆಲ್ಲ ಹಾಕ್ತೀರಾ ಬೀರಪ್ಪನವ್ರೇ?”

ಬೀರಪ್ಪನ ಮುಖ ಕೆಂಪಾಯಿತು. “ಅದು ನನ್ನ ಸ್ವಂತದ್ದು ಮೇಡಂ! ನಿಮಗ್ಯಾರು ಕೊಟ್ರು?”

“ನೀವೇ ಕೊಟ್ಟಿದ್ದು. ಗ್ರೂಪಲ್ಲಿ ಎಲ್ರೂ ಫೋಟೋ ತೆಗೆದಿಟ್ಕೊಂಡಿದಾರೆ. ಮಕ್ಕಳಿರೋ ಗಾಡೀಲಿ ನಿಮಗೆ ಹಂಗಾದ್ರೆ? ಸೋಮವಾರದಿಂದ ಬೇರೆ ವ್ಯಾನ್ ನೋಡೋಣ ಅಂತಿದಾರೆ.”

ಅವನು ನೇರ ದುಶ್ಯಂತನ ಮೊಬೈಲ್ ಅಂಗಡಿಗೆ ನುಗ್ಗಿ, ಫೋನನ್ನು ಗಾಜಿನ ಮೇಲೆ ಕುಕ್ಕಿದ. ದುಶ್ಯಂತ್ ಎರಡು ಸಲ ಬೆರಳಾಡಿಸಿ ನಕ್ಕ.

“ಬೀರಪ್ಪಣ್ಣ, ಫೋಲ್ಡರ್ ಶೇರ್ ಮಾಡಿದ್ರೆ ಆಮೇಲೆ ಒಳಗೆ ಹಾಕಿದ್ದೂ ಶೇರ್ ಆಗುತ್ತೆ. ಲಿಂಕ್ ಇದ್ದೋರೆಲ್ಲ ನೋಡ್ಬಹುದು ಅಂತ ಇಟ್ಟಿದೀಯ. ನಿನ್ನ ಸಕ್ಕರೆ ಬಿಡು, ಮಕ್ಕಳ ಮನೆ ವಿಳಾಸನೂ ಬೀದಿಗೆ ಬಿದ್ದಿದೆ.”

“ತೆಗಿ ಎಲ್ಲಾನೂ!”

“ನಿನ್ನ ಲೆಕ್ಕನ ಹೊರಗೆ ತೆಗೆದು ನಿನ್ನೊಬ್ಬನಿಗೇ ಕಾಣೋ ಹಂಗೆ ಮಾಡ್ತೀನಿ. ಪಟ್ಟಿ ಪೋಷಕರ ಇಮೇಲಿಗೆ ಮಾತ್ರ. ಆದ್ರೆ ಅವರು ತೆಗೆದಿಟ್ಟ ಫೋಟೋನ ನಾನು ವಾಪಸ್ ತರೋಕಾಗಲ್ಲ ಮಾರಾಯ.”

ಆ ಮಾತು ಅವನನ್ನು ಕೂರಿಸಿಬಿಟ್ಟಿತು. ಮನೆಯಲ್ಲಿ ಜಲಜಮ್ಮ, “ಅದು ವ್ಯಾನಿಂದೇ, ನೀವೇ ತಪ್ಪು ತಿಳ್ಕೊಂಡ್ರಿ ಅನ್ನಿ” ಎಂದಳು. ಬೀರಪ್ಪ ಗುಡುಗಿದ: “ಹನ್ನೊಂದು ಮಕ್ಕಳ ಮುಂದೆ ಸುಳ್ಳು ಹೇಳಿ ಸ್ಟೇರಿಂಗ್ ಹಿಡೀಲೇನೇ?”

ಶನಿವಾರ ಡಾಕ್ಟರನ್ನು ಕಾಣಲು ಶಿವಮೊಗ್ಗದ ಬಸ್ಸು ಹತ್ತಿದ. ಸಕ್ಕರೆ ಅರವತ್ತೆರಡಕ್ಕೆ ಇಳಿದದ್ದು ದಸರಾ ರಜೆಯಲ್ಲಿ, ಉಪವಾಸದ ಹೊಟ್ಟೆಯಲ್ಲಿ ಮಾತ್ರೆ ನುಂಗಿದ ದಿನ. ಅದನ್ನು ನೋಡಿಯೇ ಡಾಕ್ಟರ್ ಆಗಲೇ ಮಾತ್ರೆ ಬದಲಿಸಿದ್ದರು. ಆಮೇಲಿನ ಎರಡು ತಿಂಗಳು ಸಕ್ಕರೆ ಒಂದು ದಿನವೂ ಹಾಗೆ ಇಳಿದಿರಲಿಲ್ಲ. ದಿನಾ ಚೆಕ್ ಮಾಡಿ, ತಿಂಡಿ ತಿಂದು ವ್ಯಾನ್ ಹತ್ತುವುದಾದರೆ ಓಡಿಸಬಹುದು ಎಂದು ಚೀಟಿ ಬರೆದುಕೊಟ್ಟರು. “ಉಪವಾಸ ಬಂದ್” ಎಂದು ಗದರಿದರು.

ಭಾನುವಾರ ಪೋಷಕರೆಲ್ಲ ರಶ್ಮಿಯ ಮನೆಯಲ್ಲಿ ಸೇರಿದರು. ಬೀರಪ್ಪ ಚೀಟಿಯನ್ನು ಕೈಯಿಂದ ಕೈಗೆ ಕೊಟ್ಟ. “ಕಾಯಿಲೆ ಇದೆ. ಹೌದು. ಮುಚ್ಚಿಡ್ದೆ ಮೊದ್ಲೇ ಹೇಳ್ಬೇಕಿತ್ತು, ತಪ್ಪಾಯ್ತು. ಮಕ್ಕಳ ವಿಳಾಸಾನೂ ಬೀದಿಗಿಟ್ಟಿದ್ದೆ, ಅದು ದೊಡ್ಡ ತಪ್ಪು. ಈಗ ಮುಚ್ಚಿದೀನಿ.”

ಸ್ಟೀಲ್ ಕಾರ್ಖಾನೆಯಿಂದ ನಿವೃತ್ತರಾದ ಈಶ್ವರಪ್ಪ ಮೊಮ್ಮಗನ ಪರವಾಗಿ ಬಂದಿದ್ದರು. “ಹಂಗಾದ್ರೆ ದಿನಾ ಬೆಳಿಗ್ಗೆ ರೀಡಿಂಗನ್ನ ಗ್ರೂಪಿಗೆ ಹಾಕಪ್ಪ. ಮುಗೀತಲ್ಲ.”

“ಹಾಕಲ್ಲ ಯಜಮಾನ್ರೇ. ಸರಿಯಿಲ್ಲದ ದಿನ ಗಾಡಿ ಬರಲ್ಲ ಅಂತ ಮಾತ್ರ ಹಾಕ್ತೀನಿ. ನಿಮ್ಮ ಬಿಪಿ ಎಷ್ಟು ಅಂತ ಕೇಳಿದ್ನಾ ನಾನು?”

ಯಾರೋ ಕಿಸಕ್ಕೆಂದರು. ಈಶ್ವರಪ್ಪ ನಗಲಿಲ್ಲ, ಮೊಮ್ಮಗನನ್ನು ವ್ಯಾನಿನಿಂದ ಬಿಡಿಸಿಕೊಂಡರು. ಇನ್ನೊಂದು ಮನೆಯವರೂ ಬಿಟ್ಟರು. ಉಳಿದವರು ನಾಳೆ ನೋಡೋಣ ಎಂದು ಎದ್ದರು. ಬೀರಪ್ಪ ಯಾರ ಕಾಲನ್ನೂ ಹಿಡಿಯಲಿಲ್ಲ.

ಸೋಮವಾರ ಬೆಳಿಗ್ಗೆ ಎರಡು ರೊಟ್ಟಿ ತಿಂದು, ಬೆರಳಿಗೆ ಸೂಜಿ ಚುಚ್ಚಿ, ಅಂಕಿ ನೋಡಿಯೇ ವ್ಯಾನ್ ಹತ್ತಿದ. ಮೊದಲ ಸ್ಟಾಪಿನಲ್ಲಿ ರಶ್ಮಿ ಮಗಳ ಕೈ ಬಿಗಿಯಾಗಿ ಹಿಡಿದು ನಿಂತಿದ್ದಳು.

“ಇವತ್ತು ಎಷ್ಟಿದೆ?”

“ಓಡಿಸೋಷ್ಟಿದೆ ಮೇಡಂ. ಅದಕ್ಕಿಂತ ಜಾಸ್ತಿ ಹೇಳಲ್ಲ.”

ರಶ್ಮಿ ಅವನ ಕಣ್ಣನ್ನೇ ನೋಡಿದಳು. ಆಮೇಲೆ ಮಗಳನ್ನು ಎತ್ತಿ ಒಳಗೆ ಕೂರಿಸಿ, ಬಾಗಿಲನ್ನು ತಾನೇ ಎಳೆದು ಹಾಕಿದಳು.