ಬೆಳೆಯಲಿ ಎಂದು ಬಿಟ್ಟ ನಾಲ್ಕು ಇಂಚು

ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಕುತ್ತಿಗೆಯಲ್ಲಿ ಸದಾ ಅಳತೆಯ ಟೇಪು ನೇತಾಡುವುದರಿಂದ ಎಲ್ಲರ ಬಾಯಲ್ಲೂ ಟೇಪಮ್ಮ. ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ನೀಲಿ ಬಟ್ಟೆಯ ಥಾನುಗಳು, ಒಂದು ಉದ್ದನೆಯ ಮೇಜು. ಸುತ್ತಲಿನ ಮೂರು ಶಾಲೆಗಳ ಯೂನಿಫಾರಂ ಅವಳ ಕೈಯಿಂದಲೇ ಆಗಬೇಕು. ಆ ಮಕ್ಕಳನ್ನು ಎಲ್ಲಿ ಕಂಡರೂ ಗುರುತು ಹಿಡಿಯಬಹುದು: ಜೂನ್ ತಿಂಗಳಲ್ಲಿ ಬಟ್ಟೆಯೊಳಗೆ ಮಗು ಎಲ್ಲಿದೆ ಎಂದು ಹುಡುಕಬೇಕು. ತೋಳು ಬೆರಳನ್ನು ನುಂಗಿರುತ್ತದೆ, ಸ್ಕರ್ಟು ಕಾಲುಚೀಲವನ್ನು ಮುಟ್ಟುತ್ತಿರುತ್ತದೆ. "ಬೆಳೆಯೋ ಮಕ್ಕಳು, ಇರ್ಲಿ ಬಿಡಿ" ಎನ್ನುವುದು ಅವಳ ವ್ಯಾಪಾರದ ಮಂತ್ರ. ತಾಯಂದಿರೆಲ್ಲ ಅದಕ್ಕೆ ತಲೆದೂಗುತ್ತಿದ್ದರು. ಹದಿನೈದು ವರ್ಷದಿಂದ ಒಂದು ಮಗುವೂ ಅವಳ ಬಟ್ಟೆಯನ್ನು ವರ್ಷದ ನಡುವೆ ಮೀರಿ ಬೆಳೆದಿರಲಿಲ್ಲ. ಅದು ಅವಳ ಹೆಮ್ಮೆ. ಮಕ್ಕಳ ಅಭಿಪ್ರಾಯವನ್ನು ಅವಳು ಕೇಳಿರಲಿಲ್ಲ.

ಇಂಥವಳ ಮಗಳಿಗೆ ಬಿಲ್ಲುವಿದ್ಯೆಯ ಹುಚ್ಚು ಹಿಡಿಯಿತು. ಹನ್ನೊಂದು ವರ್ಷದ ಹುಡುಗಿ, ಕಡ್ಡಿಯಂಥ ಕೈ. ಟೇಪಮ್ಮನಿಗೆ ಮೊದಲ ವಾರ ಊಟ ಸೇರಲಿಲ್ಲ. ಬಾಣ ಎಂದರೆ ಕಣ್ಣು ಎಂದೇ ಅವಳ ತಲೆಗೆ ಬರುತ್ತಿತ್ತು. ಮೈದಾನದಲ್ಲಿ ಹಗ್ಗ ಕಟ್ಟಿದ್ದಾರೆ, ಸೀಟಿ ಊದಿದ ಮೇಲಷ್ಟೇ ಹೊಡೆಯುತ್ತಾರೆ, ಮತ್ತೆ ಸೀಟಿ ಊದುವವರೆಗೆ ಬಾಣ ತರಲು ಯಾರೂ ಹೋಗುವ ಹಾಗಿಲ್ಲ ಎಂದು ಗಂಡ ನಾಲ್ಕು ಸಲ ಹೇಳಿದ. ಐದನೆಯ ಸಲ ಕೇಳಿದಾಗ, "ಹೊಲಿಗೆ ಯಂತ್ರದ ಸೂಜಿ ಅದಕ್ಕಿಂತ ಹತ್ತಿರ ಇದೆ ಕಣೇ" ಎಂದು ಪೇಪರು ಮುಖಕ್ಕೆ ಹಿಡಿದುಕೊಂಡ.

ಕಲಿಸುವ ಮೇಡಂ ಒಳ್ಳೆಯವರು. ತಾವೇ ಒಂದು ಕಾಲಕ್ಕೆ ಸ್ಪರ್ಧೆಗಳಲ್ಲಿ ಹೊಡೆದವರು, ಮಾತು ಕಡಿಮೆ. ಮಗಳಿಗೆ ಹಳೆಯದೊಂದು ಕಾಂಪೌಂಡ್ ಬಿಲ್ಲು ಗೊತ್ತು ಮಾಡಿ ಫೋನು ಮಾಡಿದರು. ಎರಡು ತುದಿಗೂ ಚಕ್ರವಿರುವ ಬಿಲ್ಲು ಅದು. ಹೆದೆಯನ್ನು ಎಷ್ಟು ದೂರ ಎಳೆಯಬಹುದು ಎನ್ನುವುದನ್ನು ಮೊದಲೇ ಗೊತ್ತು ಮಾಡಿ ಇಡಬೇಕು, ಅಲ್ಲಿಗೆ ಬಂದ ಮೇಲೆ ಅದು ಇನ್ನೂ ಹಿಂದಕ್ಕೆ ಬರುವುದಿಲ್ಲ. ಆ ಉದ್ದಕ್ಕೆ ಡ್ರಾ ಲೆಂಗ್ತ್ ಎನ್ನುತ್ತಾರೆ. ಹುಡುಗಿಯನ್ನು ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ, ಎರಡೂ ಕೈ ಪಕ್ಕಕ್ಕೆ ಚಾಚಿಸಿ, ನಡುಬೆರಳಿನ ತುದಿಯಿಂದ ತುದಿಗೆ ಅಳೆಯಿರಿ, ಎಳೆದು ಹಿಗ್ಗಿಸಬಾರದು, ಬಂದದ್ದನ್ನು ಎರಡೂವರೆಯಿಂದ ಭಾಗಿಸಿದರೆ ಸುಮಾರಾಗಿ ಸಿಗುತ್ತದೆ, ನಾನು ಭಾನುವಾರದೊಳಗೆ ಬಿಲ್ಲನ್ನು ಹೊಂದಿಸಿಡುತ್ತೇನೆ ಎಂದರು. "ಬೇರೆಯವರ ಮನೆ ಅಳತೆ ನಾನು ನಂಬಲ್ಲ. ನೀವು ಟೈಲರ್ ಅಲ್ವಾ, ನಿಮ್ಮದು ಸಾಕು."

ಟೇಪಮ್ಮ ಆ ಮಾತನ್ನು ದಿನವಿಡೀ ಮೆಲುಕು ಹಾಕಿದಳು. ಸಂಜೆ ಮಗಳನ್ನು ಗೋಡೆಗೆ ನಿಲ್ಲಿಸಿ ಅಳೆದಳು. ಅರವತ್ತು ಇಂಚು, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಇಪ್ಪತ್ತನಾಲ್ಕು ಇಂಚಿನ ಎಳೆತ. ಫೋನು ಕೈಗೆತ್ತಿಕೊಂಡಳು. ಆಗ ಹದಿನೈದು ವರ್ಷದ ಅಭ್ಯಾಸ ಒಳಗಿನಿಂದ ಪಿಸುಗುಟ್ಟಿತು: ಹೋದ ವರ್ಷದ ಚಪ್ಪಲಿ ಈ ವರ್ಷ ಹಿಡಿಸಲಿಲ್ಲ. ಬಿಲ್ಲು ಹೊಂದಿಸುವುದೆಂದರೆ ಬಟ್ಟೆ ಕತ್ತರಿಸಿದ ಹಾಗೆ, ಒಮ್ಮೆ ಮಾಡಿದರೆ ಮುಗಿಯಿತು ಎಂದು ಅವಳಿಗೆ ಅವಳೇ ತೀರ್ಮಾನಿಸಿದ್ದಳು. ಯಾರನ್ನೂ ಕೇಳಿರಲಿಲ್ಲ, ಕೇಳುವುದೇನಿದೆ, ಅಳತೆಯ ವಿಷಯ ತಾನೆ.

"ಅರವತ್ನಾಲ್ಕು, ಮೇಡಂ," ಎಂದಳು.

ಮೇಡಂ ಇಪ್ಪತ್ತೈದೂವರೆಗೆ ಹೊಂದಿಸಿದರು. ಟೇಪಮ್ಮ ನೆಮ್ಮದಿಯಾಗಿ ಮಲಗಿದಳು. ಇನ್ನೆರಡು ವರ್ಷ ಚಿಂತೆಯಿಲ್ಲ.

ತಿಂಗಳು ಕಳೆಯುವುದರೊಳಗೆ ಮಗಳ ಎಡಗೈಯ ಒಳಭಾಗ ನೇರಳೆಯಾಯಿತು. ಬಿಟ್ಟ ಹೆದೆ ಪ್ರತಿ ಸಲ ಮುಂಗೈಗೆ ಬಾರಿಸುತ್ತಿತ್ತು. ಕೈ ಕಾಯುವ ಪಟ್ಟಿ ಕಟ್ಟಿದರೆ ಪಟ್ಟಿ ಮುಗಿದಲ್ಲಿ ಬಾರಿಸುತ್ತಿತ್ತು. ಟೇಪಮ್ಮ ಎಣ್ಣೆ ಹಚ್ಚಿದಳು, ಮಂಜುಗಡ್ಡೆ ಇಟ್ಟಳು, ರಕ್ತ ಕಡಿಮೆಯಾಗಿದೆಯೋ ಎಂದು ಡಾಕ್ಟರ ಬಳಿ ಕರೆದೊಯ್ದಳು, ತರಕಾರಿ ತಿನ್ನುವುದಿಲ್ಲ ಎಂದು ಮಗಳನ್ನೇ ಬೈದಳು. ಬಾಣಗಳು ಟಾರ್ಗೆಟ್ಟಿನಲ್ಲಿ ಒಂದು ಎಡಕ್ಕೆ ಒಂದು ಬಲಕ್ಕೆ, ಜಗಳವಾಡಿಕೊಂಡವರ ಹಾಗೆ ದೂರದೂರ ಕೂರುತ್ತಿದ್ದವು. ಮೇಡಂ ಪಕ್ಕದಲ್ಲಿ ನಿಂತು, ಮೊಣಕೈ ಬಿಗಿ ಹಿಡಿಯಬೇಡ, ತಲೆ ಹಿಂದಕ್ಕೆ ಹಾಕಬೇಡ, ಹಿಂದಕ್ಕೆ ವಾಲಬೇಡ ಎನ್ನುತ್ತಲೇ ಇದ್ದರು. ಹುಡುಗಿ ಒಂದು ಗಳಿಗೆ ಸರಿಯಾಗಿ ನಿಲ್ಲುವಳು, ಎಳೆದೊಡನೆ ಮತ್ತೆ ಅದೇ. ಹೊಸಬರಿಗೆ ಹೀಗಾಗುತ್ತದೆ ಎಂದರು ಮೊದಲು. ಕೊನೆಗೆ, ಮುಂದಿನ ತಿಂಗಳ ತಂಡದ ಆಯ್ಕೆಯೊಳಗೆ ಬಾಣಗಳು ಒಟ್ಟಾಗದಿದ್ದರೆ ಇವಳನ್ನು ಮತ್ತೆ ಬಿದಿರಿನ ಬಿಲ್ಲಿನ ಸಣ್ಣ ಮಕ್ಕಳ ಸಾಲಿಗೆ ಕಳಿಸುವುದೇ ಒಳ್ಳೆಯದು ಎಂದರು.

ಮಗಳು ಅವತ್ತು ಮನೆಗೆ ಬಂದು ಬಿಲ್ಲಿನ ಚೀಲವನ್ನು ಕಪಾಟಿನ ಮೇಲೆ, ತನ್ನ ಕೈಗೆ ಎಟುಕದಷ್ಟು ಹಿಂದಕ್ಕೆ ತಳ್ಳಿದಳು. "ನಾನು ಹೋಗಲ್ಲಮ್ಮ. ನನಗೆ ಬರಲ್ಲ ಅದು."

ಅಳುತ್ತ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಹೋಂವರ್ಕು ಮುಗಿಯಿತು ಎನ್ನುವ ಧಾಟಿಯಲ್ಲಿ ಹೇಳಿದ್ದಳು. ಒಂದೇ ಒಂದು ದಿನ, ನಾನೂ ಬಂದು ಕೂತು ನೋಡುತ್ತೇನೆ, ಆಮೇಲೆ ನಿನ್ನಿಷ್ಟ ಎಂದು ಟೇಪಮ್ಮ ಬೇಡಿಕೊಂಡಳು.

ಮರುದಿನ ಬೆಂಚಿನ ಮೇಲೆ ಕೂತಳು. ಅದುವರೆಗೆ ಮಗಳನ್ನು ಬಿಡಲು ಬಂದಾಗ ಅವಳು ಮೈದಾನದಲ್ಲಿ ನೋಡುತ್ತಿದ್ದದ್ದು ಬಾಣಗಳನ್ನು ಮಾತ್ರ, ಯಾರ ಕಣ್ಣಿಗೆ ಹೋಗುತ್ತದೋ ಎಂದು. ಅವತ್ತು ಮೊದಲ ಸಲ ಮಕ್ಕಳನ್ನು ನೋಡಿದಳು. ಪಕ್ಕದ ಹುಡುಗಿ ಎಳೆದಾಗ ಹೆದೆ ಮೂಗಿನ ತುದಿಯನ್ನು ಸವರಿ ನಿಲ್ಲುತ್ತಿತ್ತು, ಕೈ ದವಡೆಯ ಕೆಳಗೆ ಹೋಗಿ ಕೂರುತ್ತಿತ್ತು, ತಲೆ ನೆಟ್ಟಗೆ. ತನ್ನ ಮಗಳದ್ದೋ, ಹೆದೆ ಕೆನ್ನೆಯನ್ನು ದಾಟಿ ಕೈ ಕಿವಿಯ ಹಿಂದಕ್ಕೆ ಹೋಗುತ್ತಿತ್ತು. ಅದರ ಬೆನ್ನು ಹತ್ತಿ ತಲೆ, ತಲೆಯ ಬೆನ್ನು ಹತ್ತಿ ಸೊಂಟ. ಬಿಲ್ಲು ಹಿಡಿದ ಕೈ ಕಬ್ಬಿಣದ ಸರಳಿನ ಹಾಗೆ ಸೆಟೆದು, ಮೊಣಕೈಯ ಒಳಮೈ ಹೆದೆಯ ದಾರಿಗೆ ಬಂದು ನಿಂತಿತ್ತು. ಎಲ್ಲೋ ನೋಡಿದ್ದೇನಲ್ಲ ಇದನ್ನು ಎನ್ನಿಸಿತು. ನೋಡಿರುವುದೇನು, ಪ್ರತಿ ಜೂನ್‌ನಲ್ಲಿ ನೂರಾರು ಸಲ ನೋಡಿದ್ದಾಳೆ. ಇದು ದೊಡ್ಡ ಅಳತೆಯ ಬಟ್ಟೆಯಲ್ಲಿ ಸಿಕ್ಕಿಕೊಂಡ ಮಗು.

ತಾನು ಸೇರಿಸಿ ಹೇಳಿದ ನಾಲ್ಕು ಇಂಚು ಅವಳಿಗೆ ನೆನಪಾಯಿತು.

ಬುದ್ಧಿಯಿರುವವರು ಆಗಲೇ ಎದ್ದುಹೋಗಿ ಮೇಡಂಗೆ ಹೇಳುತ್ತಿದ್ದರು. ಟೇಪಮ್ಮನಿಗೆ "ನಿಮ್ಮದು ಸಾಕು" ಎಂಬ ಮಾತು ಅಡ್ಡ ಬಂತು. ಪಕ್ಕದಲ್ಲಿ ಕೂತಿದ್ದ ತಂದೆಯೊಬ್ಬರನ್ನು ಎಳೆತದ ಉದ್ದವನ್ನು ಆಮೇಲೆ ಬದಲಿಸಬಹುದೇ ಎಂದು ಹಾಗೆ ಸುಮ್ಮನೆ ಕೇಳುವವಳಂತೆ ಕೇಳಿದಳು. ಅಯ್ಯೋ ಅದೇನು ದೊಡ್ಡದು, ಚಕ್ರದ ಮೇಲಿನ ಪುಟ್ಟ ತುಂಡಿನ ಸ್ಕ್ರೂ ಸಡಿಲಿಸಿ ಬೇರೆ ತೂತಿಗೆ ಕೂರಿಸಿದರಾಯಿತು, ಮೇಲಿನ ಚಕ್ರಕ್ಕೂ ಕೆಳಗಿನ ಚಕ್ರಕ್ಕೂ ಒಂದೇ ತೂತು, ಮಗು ಬೆಳೆದ ಹಾಗೆ ಬದಲಿಸುತ್ತ ಹೋಗುತ್ತಾರೆ ಎಂದರು ಅವರು. ಮಗು ಬೆಳೆದ ಹಾಗೆ. ಟೇಪಮ್ಮ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮನೆಗೆ ಬಂದು ಗಂಡನ ಸೈಕಲ್ ಸಾಮಾನಿನಿಂದ ಸ್ಕ್ರೂ ತಿರುಗಿಸುವ ಆರು ಮೂಲೆಯ ಕೀಲಿ ಹುಡುಕಿದಳು. ಮಗಳು ಟ್ಯೂಷನ್‌ಗೆ ಹೋದ ಹೊತ್ತಿನಲ್ಲಿ ಬಿಲ್ಲನ್ನು ಕತ್ತರಿಸುವ ಮೇಜಿನ ಮೇಲೆ ಮಲಗಿಸಿದಳು. ಒಂದೊಂದು ತೂತಿಗೆ ಅರ್ಧ ಇಂಚು. ಮೂರು ತೂತು ಇಳಿಸಿದರೆ ಸರಿಯಾದ ಇಪ್ಪತ್ತನಾಲ್ಕು. ಆದರೆ ಹೆದರಿದ ಕೈ ಲೆಕ್ಕ ಕೇಳುವುದಿಲ್ಲ. ಉದ್ದವಾದದ್ದೇ ಇಷ್ಟು ಕೇಡು ಮಾಡಿತಲ್ಲ, ಗಿಡ್ಡವಾದಷ್ಟೂ ಮಗುವಿನ ಕೈಗೆ ಕ್ಷೇಮ ಎಂದು ಐದು ತೂತು ಇಳಿಸಿಬಿಟ್ಟಳು.

ಮಾರನೆಯ ಸಂಜೆ ಹೆದೆ ಕೈಗೆ ಬಾರಿಸಲಿಲ್ಲ. ಟೇಪಮ್ಮ ಬೆಂಚಿನಲ್ಲಿ ಉಸಿರು ಬಿಟ್ಟದ್ದೂ ಅಷ್ಟರ ಮಟ್ಟಿಗೇ. ಮಗಳು ಈಗ ಹಿಂದಕ್ಕೆ ವಾಲುವ ಬದಲು ಮುಂದಕ್ಕೆ ಮುದುಡಿಕೊಂಡಿದ್ದಳು. ಕೈ ದವಡೆಗೆ ಬರುವ ಮೊದಲೇ ಹೆದೆ ನಿಂತುಬಿಡುತ್ತಿತ್ತು, ಹಾಗಾಗಿ ಕತ್ತು ಚಾಚಿ ಮುಖವನ್ನೇ ಹೆದೆಯ ಬಳಿಗೆ ಒಯ್ಯುತ್ತಿದ್ದಳು, ಕಿಟಕಿಯಲ್ಲಿ ಇಣುಕುವವಳ ಹಾಗೆ. ಬಿಲ್ಲಿನ ಕೈ ಮಡಿಚಿಕೊಂಡಿತ್ತು, ಹಿಂದಿನ ಮೊಣಕೈ ಪಕ್ಕಕ್ಕೆ ಚಾಚಿಕೊಂಡಿತ್ತು. ಬೆನ್ನಿನ ಶಕ್ತಿಗೆ ಕೆಲಸವೇ ಇಲ್ಲದೆ ತೋಳುಗಳು ಗಡಗಡ ನಡುಗುತ್ತಿದ್ದವು. ಎಳೆತ ಕಡಿಮೆಯಾದ್ದರಿಂದ ವೇಗವೂ ಕಡಿಮೆ. ಬಾಣಗಳು ಟಾರ್ಗೆಟ್ಟಿನ ಕೆಳಗಿನ ಹುಲ್ಲಿಗೆ ಹೋಗಿ ನಾಟಿದವು.

ಮೇಡಂ ಸೀಟಿ ಊದಿದರು. ಎಲ್ಲರೂ ಬಿಲ್ಲು ಇಳಿಸಿದರು. ಅವರು ಬಂದು ಚಕ್ರವನ್ನು ಒಮ್ಮೆ ನೋಡಿದರು. "ಬಿಲ್ಲಿಗೆ ಯಾರು ಕೈ ಹಾಕಿದ್ದು?"

ಟೇಪಮ್ಮ ಬೆಂಚಿನಲ್ಲಿ ಕೂತಲ್ಲಿಂದಲೇ ಶಾಲೆಯ ಹುಡುಗಿಯಂತೆ ಕೈ ಎತ್ತಿದಳು. ಎತ್ತಿದ ಮೇಲೆ ಇಳಿಸುವುದು ಯಾವಾಗ ಎಂದು ತಿಳಿಯದೆ ಹಾಗೇ ಹಿಡಿದುಕೊಂಡಿದ್ದಳು. "ಮೊದಲು ಹಾಕಿದ್ದೂ ನಾನೇ ಮೇಡಂ," ಎಂದಳು. "ಅರವತ್ತು ಬಂದಿತ್ತು. ಬೆಳೀತಾಳಲ್ಲ ಅಂತ ನಾಲ್ಕು ಸೇರಿಸಿದೆ."

ಸಾಲಿನಲ್ಲಿದ್ದ ಮಕ್ಕಳಲ್ಲಿ ಅರ್ಧ ಜನ ಅವಳ ಕೈಯ ಯೂನಿಫಾರಂ ತೊಟ್ಟವರೇ. ಅವರಲ್ಲಿ ಒಬ್ಬಳು ತನ್ನ ತೋಳನ್ನು ಒಮ್ಮೆ ನೋಡಿಕೊಂಡಳು. ಮೇಡಂ ನಗಲಿಲ್ಲ. "ನಾನೂ ಒಂದ್ಸಲ ಅಳೀಬೇಕಿತ್ತು," ಎಂದರು. "ಟೈಲರ್ ಅಂತ ಬಿಟ್ಟೆ. ತಿಂಗಳು ಪೂರ್ತಿ ಮಗುನ ತಿದ್ದಿದೆ, ತಿದ್ದಬೇಕಾಗಿದ್ದು ಬಿಲ್ಲನ್ನ."

ಮಗಳು ಮೇಡಂ ಕಡೆ ತಿರುಗಿದಳು. "ಹಾಗಾದ್ರೆ ನನಗೆ ಬರಲ್ಲ ಅಂತಲ್ವಾ?" ಎಂದು ಕೇಳಿದಳು.

ಮೇಡಂ ಉತ್ತರವಾಗಿ ಇಂಚಿನ ಗುರುತು ಬರೆದ ಉದ್ದನೆಯ ಬಾಣ, ಎಳೆಯಲು ಹಗುರವಾದ ಒಂದು ಬಿಲ್ಲು ತಂದರು. ಹುಡುಗಿಗೆ ಬಿಡಬೇಡ, ಸುಮ್ಮನೆ ಎಳೆದು ನಿನಗೆ ಸುಖವೆನಿಸಿದಲ್ಲಿ ನಿಲ್ಲು ಎಂದರು. ಗೋಡೆಯ ಅಳತೆ ಬರೀ ಆರಂಭ, ಮಗು ಎಳೆದು ನಿಂತಾಗ ನೋಡುವುದೇ ಅಳತೆ ಎಂದು ಟೇಪಮ್ಮನಿಗೂ ಹೇಳಿದರು. ಲೆಕ್ಕ ಇಪ್ಪತ್ತನಾಲ್ಕಕ್ಕೇ ಬಂತು. ಸ್ಕ್ರೂ ತಿರುಗಿಸಿದರು, ಗುರಿ ನೋಡಲು ಹೆದೆಯ ನಡುವೆ ಇರುವ ಪುಟ್ಟ ಕಿಂಡಿಯನ್ನು ಕಣ್ಣಿನ ಮಟ್ಟಕ್ಕೆ ಸರಿಸಿದರು. ಮಗಳು ಎಳೆದಳು. ಹೆದೆ ಮೂಗಿನ ತುದಿಗೆ, ಕೈ ದವಡೆಗೆ, ಮೊಣಕೈ ಒಂದಿಷ್ಟು ಸಡಿಲ, ತಲೆ ನೆಟ್ಟಗೆ. ಯಾರೂ ಏನೂ ಹೇಳಿಕೊಡಲಿಲ್ಲ. ಆರು ಬಾಣಗಳಲ್ಲಿ ಐದು ಅಂಗೈಯಗಲದೊಳಗೆ ಕೂತವು. ಆರನೆಯದು ಹೊರಗೆ ಹೋಯಿತು, ಅದು ಹೊಡೆಯುವಾಗ ಅವಳು ನಗುತ್ತಿದ್ದಳು.

ಆಯ್ಕೆಯಲ್ಲಿ ಅವಳಿಗೆ ತಂಡದಲ್ಲಿ ಜಾಗ ಸಿಗಲಿಲ್ಲ. ಸಣ್ಣ ಮಕ್ಕಳ ಸಾಲಿಗೂ ಹೋಗಲಿಲ್ಲ. ಬಿಲ್ಲಿನ ಚೀಲ ಕಪಾಟಿನ ಮೇಲಿಂದ ಬಾಗಿಲ ಹಿಂದಿನ ಮೊಳೆಗೆ ಇಳಿಯಿತು, ಅವಳ ಕೈಗೆ ಎಟುಕುವಲ್ಲಿ.

ಟೇಪಮ್ಮ ಪಾಠ ಕಲಿತಳು, ತನ್ನ ರೀತಿಯಲ್ಲಿ. ಮುಂದಿನ ಜೂನ್‌ನಲ್ಲಿ ಮಗಳ ಯೂನಿಫಾರಂ ಅನ್ನು ಕೂದಲೆಳೆ ವ್ಯತ್ಯಾಸವಿಲ್ಲದೆ ಮೈಗೆ ಸರಿಯಾಗಿ ಹೊಲಿದಳು. ಹದಿನೈದು ವರ್ಷದಲ್ಲಿ ಅಷ್ಟು ಚೆಂದದ ಸ್ಕರ್ಟು ಅವಳ ಕೈಯಿಂದ ಆಗಿರಲಿಲ್ಲ. ಹುಡುಗಿ ಆ ಮಳೆಗಾಲದಲ್ಲಿ ಬಿದಿರಿನ ಹಾಗೆ ಎದ್ದಳು. ಮೇಡಂ ಅರ್ಧ ಇಂಚು ಸಡಿಲಿಸಿ ಒಂದೇ ನಿಮಿಷದಲ್ಲಿ ಬಿಲ್ಲನ್ನು ಸರಿಮಾಡಿದರು. ಸ್ಕರ್ಟಿಗೆ ಒಳಗೆ ಮಡಿಚಿಟ್ಟ ಬಟ್ಟೆಯೇ ಇರಲಿಲ್ಲ.

ಮಂಡಿ ತೋರುವ ಸ್ಕರ್ಟನ್ನು ಕೆಳಕ್ಕೆ ಎಳೆಯುತ್ತ ಮಗಳು ಬಾಗಿಲಲ್ಲಿ ನಿಂತಳು. "ಅಮ್ಮಾ, ಬೆಳೀಲಿ ಅಂತ ಬಿಡಬಾರದಾಗಿದ್ದು ಬಿಲ್ಲಿಗೆ. ಬಟ್ಟೆಗೆ ಬಿಡಬಾರದು ಅಂತ ಯಾರು ಹೇಳಿದ್ರು?"

ಗಂಡ ಪೇಪರಿನ ಹಿಂದೆ ನಗುವ ಸದ್ದು ಕೇಳಿಸಿತು. ಟೇಪಮ್ಮ ಕುತ್ತಿಗೆಯ ಟೇಪನ್ನು ಎಳೆದುಕೊಂಡು, ಬಾ, ನಿಲ್ಲು ಎಂದಳು. ಮಗಳು ಗೋಡೆಗೆ ಬೆನ್ನು ಹಚ್ಚಿ, ಅಭ್ಯಾಸಬಲದಿಂದ ಎರಡೂ ಕೈ ಪಕ್ಕಕ್ಕೆ ಚಾಚಿದಳು.