ನಾನು ತಿದ್ದಿದ ಪುಟ

ಹಗರಿಬೊಮ್ಮನಹಳ್ಳಿಯಲ್ಲಿ ಮನೆಗೆ ಇಂಟರ್‌ನೆಟ್ ಹಾಕಿಸಿಕೊಂಡವರು ಇನ್ನೂ ಕೆಲವರೇ ಇದ್ದ ಕಾಲ. ಎರಡು ಸಾವಿರದ ಒಂಬತ್ತರ ಸುಮಾರು ಇರಬೇಕು. ನಮ್ಮವರು ಆಫೀಸಿನ ಕೆಲಸಕ್ಕೆಂದು ತಂದ ಕಂಪ್ಯೂಟರ್ ಹಾಲ್‌ನಲ್ಲಿ ಟೀವಿಯ ಪಕ್ಕ ಕುಳಿತಿತ್ತು. ಧೂಳು ಕೂರಬಾರದೆಂದು ಅದಕ್ಕೆ ನಾನೊಂದು ಕ್ರೋಷಾ ಬಟ್ಟೆ ಹೊದಿಸಿದ್ದೆ. ಮಗಳು ಒಂಬತ್ತನೇ ತರಗತಿಯಲ್ಲಿದ್ದಳು.

ಆ ವರ್ಷ ಅವಳ ಶಾಲೆಗೆ ಹರಪನಹಳ್ಳಿ ಕಡೆಯ ಒಬ್ಬ ಮೇಡಂ ಸಮಾಜ ಪಾಠಕ್ಕೆ ಬಂದರು. ಹತ್ತಿಯ ಸೀರೆ, ಕೈಯಲ್ಲಿ ಗಡಿಯಾರ ಬಿಟ್ಟರೆ ಬೇರೇನಿಲ್ಲ, ಮಾತು ಕಡಿಮೆ. ಅವರು ತಮ್ಮ ತರಗತಿಗೆಂದೇ ಒಂದು ವೆಬ್‌ಸೈಟ್ ಮಾಡಿದರು. ದುಡ್ಡು ಕೊಡಬೇಕಾಗಿರಲಿಲ್ಲ, ಪ್ರೋಗ್ರಾಮಿಂಗ್ ಕಲಿತಿರಬೇಕಾಗಿರಲಿಲ್ಲ. ಈಮೇಲ್ ಒಂದಿದ್ದರೆ ಸಾಕು. ಒಂದು ಬಟನ್ ಒತ್ತಿ ಹೆಸರು ಕೊಟ್ಟರೆ ಹೊಸ ಪುಟ ತೆರೆಯುತ್ತಿತ್ತು, ಅದರಲ್ಲಿ ಟೈಪ್ ಮಾಡಿ ಉಳಿಸಿದರೆ ಆಯಿತು. ಇದನ್ನೆಲ್ಲ ನಾನು ಕಲಿತದ್ದು ಮಗಳ ಬೆನ್ನ ಹಿಂದೆ ನಿಂತು, ಸೊಪ್ಪು ಸೋಸುತ್ತಾ.

ಆ ಸೈಟು ಊರಿಗೆಲ್ಲ ಕಾಣುವಂಥದ್ದಲ್ಲ. ಮೇಡಂ ಅದರ ಮಾಲೀಕರು. ಅವರು ಈಮೇಲ್ ಕಳಿಸಿ ಕರೆದವರಿಗಷ್ಟೇ ಬಾಗಿಲು ತೆರೆಯುತ್ತಿತ್ತು. ಮಕ್ಕಳಿಗೆ ಬರೆಯುವ ಹಕ್ಕು ಕೊಟ್ಟಿದ್ದರು, ಹೆಡ್‌ಮಿಸ್ಟ್ರೆಸ್ಸರಿಗೆ ನೋಡುವುದು ಮಾತ್ರ. ಒಂದೇ ತೊಡಕೆಂದರೆ ಒಂದೊಂದು ಪುಟಕ್ಕೂ ಬೇರೆ ಬೇರೆ ಬೀಗ ಹಾಕಲು ಆಗ ಬರುತ್ತಿರಲಿಲ್ಲ. ಬರೆಯುವ ಹಕ್ಕಿದ್ದವರು ಯಾರ ಪುಟವನ್ನು ಬೇಕಾದರೂ ತಿದ್ದಬಹುದಿತ್ತು. ಅದಕ್ಕೇ ಮೇಡಂ ಮಕ್ಕಳಿಂದ ನೋಟ್‌ಬುಕ್ಕಿನಲ್ಲಿ ಬರೆಸಿದ್ದರು: ನನ್ನ ಪುಟ ಬಿಟ್ಟು ಬೇರೆಯವರದ್ದನ್ನು ಮುಟ್ಟುವುದಿಲ್ಲ, ಏನಾದರೂ ಹೇಳುವುದಿದ್ದರೆ ಕೆಳಗೆ ಕಾಮೆಂಟ್ ಬರೆಯುತ್ತೇನೆ. ಮಗಳು ಅದನ್ನು ನನಗೆ ಓದಿ ತೋರಿಸಿದ್ದಳು. ನಾನು ತಲೆಯಾಡಿಸಿದ್ದೆ.

ಪ್ರಾಜೆಕ್ಟ್ ಏನೆಂದರೆ, ಮನೆಯಲ್ಲಿ ಕೈಯಿಂದ ಮಾಡುವ ಒಂದು ಕೆಲಸದ ಬಗ್ಗೆ ಹಿರಿಯರನ್ನು ಕೇಳಿ ಬರೆಯುವುದು. ಪಾಲಕರ ಸಭೆಯ ದಿನ ಎಲ್ಲ ಪುಟಗಳನ್ನೂ ಕಂಪ್ಯೂಟರ್ ರೂಮಿನಲ್ಲಿ ತೆರೆದು ತೋರಿಸುವುದಿತ್ತು. ಶಾಲೆಯಲ್ಲಿದ್ದದ್ದು ನಾಲ್ಕು ಕಂಪ್ಯೂಟರ್, ಅದರಲ್ಲಿ ಇಂಟರ್‌ನೆಟ್ ಇದ್ದದ್ದು ಒಂದಕ್ಕೆ. ಹೀಗಾಗಿ ಭಾನುವಾರ ನಮ್ಮ ಮನೆಗೆ ಮಗಳ ಗೆಳತಿ ಬರತೊಡಗಿದಳು.

ತಂಬ್ರಹಳ್ಳಿಯಿಂದ ಬಸ್ಸಿಗೆ ಬರುತ್ತಿದ್ದ ಹುಡುಗಿ. ಎರಡು ಬಿಗಿ ಜಡೆ, ಭಾನುವಾರವೂ ಶಾಲೆಯದೇ ರಿಬ್ಬನ್ನು. ಬಾಗಿಲ ಬಳಿಯ ನಲ್ಲಿಯಲ್ಲಿ ಕಾಲು ತೊಳೆದು, ಒದ್ದೆ ಹೆಜ್ಜೆ ಮೂಡಬಾರದೆಂದು ಕಾಲೊರೆಸುವ ಬಟ್ಟೆಯ ಮೇಲೆ ಬಹಳ ಹೊತ್ತು ನಿಲ್ಲುತ್ತಿದ್ದಳು. ಅವಳ ಅಪ್ಪ ಅವ್ವ ಕೂಲಿಗೆ ಹೋಗುವವರು, ಮನೆಯಲ್ಲಿ ಅಜ್ಜಿ ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆ ಪಂಚೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿದ ಹೊದಿಕೆ ನಮ್ಮ ಕಡೆ ಯಾರ ಮನೆಯಲ್ಲಿಲ್ಲ? ಅವಳು ಕೈಯಲ್ಲಿ ಕಾಗದ ಹಿಡಿಯದೆ, ಅಜ್ಜಿ ಹೇಳಿದ್ದನ್ನು ನೆನಪಿಸಿಕೊಂಡು ತುಟಿಯಲ್ಲೇ ಒಮ್ಮೆ ಹೇಳಿಕೊಂಡು ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದಳು. ಮೂರು ಭಾನುವಾರ ಹಾಗೆ ಕೂತಳು. ಬರೆದದ್ದು ಆ ಪುಟದಲ್ಲಿ ಬಿಟ್ಟರೆ ಎಲ್ಲಿಯೂ ಇರಲಿಲ್ಲ.

ಸೋಮವಾರ ಮಧ್ಯಾಹ್ನ ಕಂಪ್ಯೂಟರಿನ ಬಟ್ಟೆ ಸರಿಪಡಿಸಲು ಹೋದೆ. ಮೌಸ್ ಅಲುಗಿ ಪರದೆ ಬೆಳಗಿತು. ಮಗಳು ತನ್ನ ಲಾಗಿನ್‌ನಿಂದ ಹೊರಬರದೆಯೇ ಶಾಲೆಗೆ ಓಡಿದ್ದಳು. ಎದುರಿಗೆ ಗೆಳತಿಯ ಪುಟವೇ ಇತ್ತು, ಬೆಳಿಗ್ಗೆ ಅದನ್ನೇ ಓದುತ್ತಿದ್ದಳೇನೋ. ಕೂತು ಓದಿದೆ.

ಓದುತ್ತಾ ಹೋದಂತೆ ನನಗೆ ಇರುಸುಮುರುಸಾಯಿತು. ಯಾವ ತುಂಡು ಯಾರ ಸೀರೆಯದು, ಯಾವ ಲುಂಗಿ ಬೀಡಿ ಕಿಡಿ ಬಿದ್ದು ಸುಟ್ಟದ್ದು, ನಡುವೆ ಮೊಮ್ಮಗಳಿಗೆ ಬೈಗುಳ, ದಾರ ಪೋಣಿಸಿಕೊಡೆಂಬ ಕರೆ, ಎಲ್ಲ ಕಲಸಿಹೋಗಿತ್ತು. ಕೊನೆಯಲ್ಲಿ, ಅಂಚು ಮುಚ್ಚುವ ಮೊದಲು ಅಜ್ಜಿ ಮೂಲೆಯಲ್ಲಿ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಾಳೆ ಎಂದಿತ್ತು. "ಕೌದಿಗೂ ಹೊಟ್ಟಿ ಐತಿ. ಖಾಲಿ ಹೊಟ್ಟಿಲೆ ಕಳಸಬಾರದು." ಸಭೆಯಲ್ಲಿ ಯಾರಾದರೂ ನಕ್ಕರೆ ಈ ಹುಡುಗಿ ತಾಳುವಳೇ ಎಂದುಕೊಂಡೆ.

ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್‌ಗಳು ಪ್ರಬಂಧಕ್ಕೆ ಆರಂಭ, ನಡು, ಮುಕ್ತಾಯ ಎಂದು ಗೆರೆ ಹಾಕಿ ಕಲಿಸಿದ್ದರು. ಕೈ ತಡೆಯಲಿಲ್ಲ. ತಿದ್ದುವ ಬಟನ್ ಒತ್ತಿದೆ. 'ಕೌದಿಯು ನಮ್ಮ ನಾಡಿನ ಪಾರಂಪರಿಕ ಕಲೆ' ಎಂದು ಶುರು ಮಾಡಿದೆ. ಬೈಗುಳ ತೆಗೆದೆ, ಲುಂಗಿ ತೆಗೆದೆ, ರೊಟ್ಟಿಯನ್ನೂ ತೆಗೆದೆ. ಮೂರು ಚೊಕ್ಕ ಪ್ಯಾರಾ ಆಯಿತು. ಉಳಿಸಿ ಎದ್ದಾಗ, ಇಸ್ತ್ರಿ ಮಾಡಿದ ಬಟ್ಟೆ ಮಡಚಿಟ್ಟಷ್ಟು ಸಮಾಧಾನವಾಗಿತ್ತು. ಮಗಳಿಗೆ ಹೇಳಬೇಕೆಂದು ಹೊಳೆಯಲೂ ಇಲ್ಲ.

ಬುಧವಾರ ಸಂಜೆ ಮಗಳು ಬ್ಯಾಗನ್ನು ಇಳಿಸದೆಯೇ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು. ಅತ್ತು ಮುಗಿದ ಮುಖ. ಗೆಳತಿ ಶಾಲೆಯಲ್ಲಿ ತನ್ನ ಪುಟ ತೆರೆದಾಗ ಅದು ಅವಳದ್ದಾಗಿರಲಿಲ್ಲವಂತೆ. ಅವಳು ಯಾರ ಮೇಲೂ ದೂರು ಹೇಳಲಿಲ್ಲ. ನನ್ನ ಪ್ರಾಜೆಕ್ಟ್ ತೋರಿಸಬೇಡಿ ಎಂದಷ್ಟೇ ಮೇಡಂಗೆ ಹೇಳಿ ಬೇರೆ ಬೆಂಚಿಗೆ ಹೋಗಿ ಕೂತಳಂತೆ. ಮೇಡಂ ನೋಡಿದಾಗ ತಿದ್ದಿದವರ ಜಾಗದಲ್ಲಿ ನನ್ನ ಮಗಳ ಹೆಸರಿತ್ತು. ಇವಳು ಇಲ್ಲವೆಂದಳು, ಹೆಸರು ಹೌದೆಂದಿತು. ಮೇಡಂ ಬೈಯದೆ ಇವಳ ಬರೆಯುವ ಹಕ್ಕು ತೆಗೆದು ಬರೀ ನೋಡುವವರ ಪಟ್ಟಿಗೆ ಹಾಕಿದ್ದರು.

"ನಾ ಮುಟ್ಟಿಲ್ಲ ಮಮ್ಮಿ," ಎಂದಳು. "ಆಕಿ ನನ್ನ ಜೊತಿ ಮಾತಾಡವಲ್ಲಳು."

ಒಲೆಯ ಮೇಲೆ ಹಾಲು ಉಕ್ಕುವ ಹೊತ್ತು. ಉರಿ ಆರಿಸಿ, ತಿದ್ದಿದ್ದು ನಾನೇ ಎಂದು ಹೇಳಿದೆ. ಮಗಳು ಬ್ಯಾಗನ್ನು ಹೊಸ್ತಿಲಲ್ಲೇ ಇಳಿಸಿದಳು. ಆಮೇಲೆ ಹೇಳಿದಳು, "ನೀ ನಾಳೆ ಬಾ. ನಾ ಹೇಳಿದ್ರ ಯಾರೂ ನಂಬಂಗಿಲ್ಲ."

ರಾತ್ರಿಯೆಲ್ಲ ನನ್ನನ್ನು ಕಾಡಿದ್ದು ಮೇಡಂ ಏನೆನ್ನುವರೋ ಎಂಬುದಲ್ಲ. ಆ ಹುಡುಗಿ ಮೂರು ಭಾನುವಾರ ಒಂದೇ ಬೆರಳಿನಲ್ಲಿ ಕೂಡಿಸಿದ್ದನ್ನು ನಾನು ಅಳಿಸಿಬಿಟ್ಟಿದ್ದೆ. ಅದರ ಇನ್ನೊಂದು ಪ್ರತಿ ಎಲ್ಲಿಯೂ ಇಲ್ಲ ಎಂದೇ ನಾನು ತಿಳಿದಿದ್ದೆ.

ಬೆಳಿಗ್ಗೆ ಕಂಪ್ಯೂಟರ್ ರೂಮಿನಲ್ಲಿ ಮೇಡಂ ಮುಂದೆ ನಿಂತು, ಅದು ನನ್ನ ಕೆಲಸ, ನನ್ನ ಮಗಳದ್ದಲ್ಲ ಎಂದೆ. ಏಕೆ ಮಾಡಿದೆ ಎಂಬುದನ್ನೂ ಹೇಳಿದೆ. ಅವರು ಕುರ್ಚಿ ಎಳೆದು ಕೊಟ್ಟರು.

"ನೀವು ಕೆಟ್ಟದಾಗಿ ಬರ್ದಿಲ್ಲ ಅಮ್ಮಾ. ಆದ್ರೆ ನಾನು ಕೇಳಿದ್ದು ಅಜ್ಜಿ ಮಾತು. ಇದ್ರಾಗೆ ಅಜ್ಜಿನೇ ಇಲ್ವಲ್ಲ," ಎಂದರು.

ನಾನು ಹಳೆಯದು ಹೋಗಿಯೇಬಿಟ್ಟಿತಲ್ಲ ಎಂದೆ. ಅವರು ಮೌಸ್ ತೆಗೆದುಕೊಂಡು ಪುಟದ ಚರಿತ್ರೆಯನ್ನು ತೆರೆದರು. ಉಳಿಸಿದ ಪ್ರತಿ ಸಲದ್ದೂ ಅಲ್ಲಿ ಒಂದೊಂದು ಸಾಲಾಗಿ ನಿಂತಿತ್ತು, ಯಾರು ಯಾವಾಗ ಉಳಿಸಿದ್ದು ಎಂಬುದರ ಸಮೇತ. ಮೊದಲ ಭಾನುವಾರದ್ದು ನಾಲ್ಕೇ ಸಾಲು. ಎರಡನೆಯದರಲ್ಲಿ ಲುಂಗಿ ಬಂದಿತ್ತು. ಎಲ್ಲಕ್ಕೂ ಮೇಲೆ ಸೋಮವಾರ ಮಧ್ಯಾಹ್ನದ್ದು, ಮಗಳ ಹೆಸರಿನಲ್ಲಿ ನಾನು. ಆ ಹೊತ್ತಿಗೆ ಅವಳು ಗಣಿತದ ತರಗತಿಯಲ್ಲಿದ್ದಳು. ಸಮಯವನ್ನು ನಾನೇ ಗಮನಿಸಬೇಕಿತ್ತು ಎಂದು ಮೇಡಂ ತಮ್ಮಷ್ಟಕ್ಕೆ ಹೇಳಿಕೊಂಡರು. ಹಳೆಯದನ್ನು ಒಂದೇ ಬಟನ್ ಒತ್ತಿ ತಿರುಗಿ ತರಬಹುದಿತ್ತು. ಆದರೆ ಅವರು ಒತ್ತಲಿಲ್ಲ. ಪುಟ ಯಾರದೋ ಅವಳೇ ಬರಲಿ ಎಂದು ಹುಡುಗಿಯನ್ನು ಕರೆಸಿದರು.

ಅವಳು ಬಂದು ಗೋಡೆಗೆ ಅಂಟಿ ನಿಂತಳು. ಒಂದು ಜಡೆಯ ರಿಬ್ಬನ್ ಬಿಚ್ಚಿ ಜೋಲುತ್ತಿತ್ತು. ನಾನು ನಡೆದದ್ದನ್ನು ಹೇಳಿದೆ. ಅವಳು ನನ್ನನ್ನು ನೋಡದೆ ಮೇಡಂಗೆ ಹೇಳಿದಳು, "ಅಜ್ಜಿ ಹೇಳಿದಂಗ ಬರಿ ಅಂದಿದ್ರಿ, ಬರದೆ. ಆಮ್ಯಾಲ ನೋಡಿದ್ರ ಎಲ್ಲಾ ತೆಗದಿತ್ತು. ಹಂಗ ಬರೆಯೋದು ಚಲೋ ಅಲ್ಲೇನೋ ಅಂದ್ಕೊಂಡೆ."

ನನ್ನ ಕಾನ್ವೆಂಟಿನ ಕನ್ನಡ ಆಗ ಬಾಯಿಗೆ ಬರಲಿಲ್ಲ. ನಮ್ಮ ಮನೆಯ ಮಾತೇ ಬಂತು. "ನಿಂದು ಚಲೋನ ಇತ್ತವ್ವ. ನನಗ ಓದಾಕ ಬರಲಿಲ್ಲ. ನಿನ್ನ ಕೇಳದ ಮುಟ್ಟಿದ್ದು ನಂದು ತಪ್ಪು."

ಅವಳು, "ರೊಟ್ಟಿದು ಯಾಕ ತೆಗದ್ರಿ ಆಂಟಿ?" ಎಂದು ಕೇಳಿದಳು.

ಜನ ನಗುತ್ತಾರೇನೋ ಎಂದು, ಎಂದೆ.

"ನಗ್ಲಿ ಬಿಡ್ರಿ. ನಮ್ಮಜ್ಜಿನೂ ನಗತಾಳ, ಅದನ್ನ ಇಡುವಾಗ."

ಮೇಡಂ ಮೌಸನ್ನು ಅವಳತ್ತ ಸರಿಸಿದರು. ಅವಳು ಕೂತು, ಭಾನುವಾರದ ಸಾಲು ಹುಡುಕಿ, ಓದಿ ನೋಡಿ, ಒತ್ತಿದಳು. ಪುಟ ತಿರುಗಿ ಬಂತು: ಬೈಗುಳ, ಬೀಡಿ ಕಿಡಿ, ರೊಟ್ಟಿ ಚೂರು. ನನ್ನ ಮೂರು ಪ್ಯಾರಾ ಪಟ್ಟಿಯ ಒಂದು ಸಾಲಿನಲ್ಲಿ ಸೇರಿಕೊಂಡಿತು. ಅದನ್ನು ಅಳಿಸಬಾರದೇ ಎಂದು ಕೇಳಿದೆ. ಅದಷ್ಟನ್ನೇ ತೆಗೆಯಲು ಬರುವುದಿಲ್ಲ, ಇರಲಿ ಬಿಡಿ ಎಂದರು ಮೇಡಂ.

ಮಗಳಿಗೆ ಬರೆಯುವ ಹಕ್ಕು ಅಂದೇ ಮರಳಿತು. ಲಾಗಿನ್ ತೆರೆದಿಟ್ಟು ಹೋಗಿದ್ದಕ್ಕೆ ನಾಲ್ಕು ಮಾತೂ ಜೊತೆಗೆ ಸಿಕ್ಕವು. ನನಗೆಂದು ಮೇಡಂ ಒಂದು ಈಮೇಲ್ ಮಾಡಿಸಿ, ಅದಕ್ಕೆ ಸೈಟಿನ ಕರೆ ಕಳಿಸಿದರು, ನೋಡಲು ಮಾತ್ರ. ಮಗಳಿಗೆ ಅದು ವಾರವಿಡೀ ನಗು. "ಮಮ್ಮಿ, ನಿಂಗ ತಿದ್ದೋ ಬಟನ್ನ ಇಲ್ಲ ನೋಡು. ಎಷ್ಟು ಹುಡುಕಿದ್ರೂ ಸಿಗಂಗಿಲ್ಲ."

ಗೆಳತಿ ಮುಂದಿನ ಭಾನುವಾರ ಬರಲಿಲ್ಲ. ನಾನು ಎರಡು ಸಲ ಬಾಗಿಲ ತನಕ ಹೋಗಿ ಬಂದೆ. ಪಾಲಕರ ಸಭೆಯಲ್ಲಿ ಅವಳ ಪುಟ ತೆರೆದಾಗ ಕೆಲವರು ನಕ್ಕದ್ದು ನಿಜ. ಹಿಂದಿನ ಸಾಲಿನಲ್ಲಿದ್ದ ಒಬ್ಬಾಕೆ ಮಾತ್ರ, ನಮ್ಮಲ್ಲಿ ರೊಟ್ಟಿ ಅಲ್ಲ, ನಾಲ್ಕು ಕಾಳು ಗೋಧಿ ಇಡುತ್ತೇವೆ ಎಂದಳು. ಆಮೇಲೆ ಅದೇ ಮಾತು ಬೆಳೆಯಿತು, ಮೇಡಂ ಸುಮ್ಮನೆ ಕೇಳುತ್ತಾ ನಿಂತರು. ಹುಡುಗಿಯರಿಬ್ಬರೂ ಒಂದೇ ಕುರ್ಚಿಯಲ್ಲಿ ಒತ್ತಿಕೊಂಡು ಕೂತಿದ್ದನ್ನು ನಾನು ಕಂಡೆ. ನನ್ನ ಕಡೆ ಅವಳು ನೋಡಲಿಲ್ಲ.

ಅದಾಗಿ ನಾಲ್ಕೈದು ದಿನಕ್ಕೆ, ಮಧ್ಯಾಹ್ನ ಪಾತ್ರೆಯ ಕೆಲಸ ಮುಗಿದ ಮೇಲೆ, ನನ್ನದೇ ಹೆಸರಿನಿಂದ ಸೈಟ್ ತೆರೆದೆ. ಕೌದಿಯ ಪುಟದ ಕೆಳಗೆ ಹೊಸದಾಗಿ ಮೂರು ಸಾಲು ಸೇರಿತ್ತು. ಅಜ್ಜಿಗೆ ಪುಟದಲ್ಲಿ ಬರೆದದ್ದನ್ನೆಲ್ಲ ಹೇಳಿದೆ, ನಡೆದದ್ದನ್ನೂ ಹೇಳಿದೆ ಎಂದು ಬರೆದಿದ್ದಳು. ಕೊನೆಗೆ ಅಜ್ಜಿಯ ಮಾತು: "ಆ ಅಮ್ಮಂದು ಒಂದು ಹಳೇ ಸೀರಿ ಇದ್ರ ಕಳಸು ಅಂತ ಹೇಳು. ಹೊಸ ಕೌದಿಗೆ ನಡುವ ಹಾಕ್ತೀನಿ."

ನಾನು ಎರಡು ಸಲ ಓದಿದೆ. ಬಟ್ಟೆ ಹೊದಿಸಲು ಮರೆತು ಒಳಗೆ ಹೋಗಿ ಅಲ್ಮೇರಾ ತೆಗೆದೆ. ಹರಿದ ಸೀರೆ ಕೊಡಲೇ, ಇನ್ನೂ ಉಡುವಂಥದ್ದು ಕೊಡಲೇ ಎಂದು ತೋಚದೆ, ಮಗಳು ಶಾಲೆಯಿಂದ ಬರುವ ತನಕ ಮಂಚದ ತುಂಬ ಸೀರೆ ಹರಡಿಕೊಂಡು ಕೂತಿದ್ದೆ.