ಕೇಳಬಾರದ ನಾಲ್ಕು ಸಾವಿರ

ಅಥವಾ ಆ ಜಗಳದ ದಿನ ಭಾನುವಾರವೇ ಆಗಿರಲಿಲ್ಲ. ಭಾನುವಾರ ಎಂದು ಒಮ್ಮೆ ಬರೆದು ಹೊಡೆದುಹಾಕಿದ್ದೇನೆ. ನನ್ನ ನೆನಪಿನಲ್ಲಿ ಹೆಂಡತಿ ಬಿಳಿ ಕೋಟನ್ನು ಮಡಚಿ ತೋಳಿನ ಮೇಲೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಅವಳು ಹುಬ್ಬಳ್ಳಿ ವಿದ್ಯಾನಗರದ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್, ಭಾನುವಾರ ಅವಳಿಗೆ ರಜೆ. ಕೋಟು ನಿಜವಾದರೆ ವಾರ ಸುಳ್ಳು. ಕೋಟನ್ನು ಬೇರೆ ಯಾವುದೋ ಸಂಜೆಯಿಂದ ತಂದು ಈ ಸಂಜೆಗೆ ತೊಡಿಸಿದ್ದೇನೋ ಏನೋ, ನೆನಪು ಅಂಥ ಕೆಲಸ ಮಾಡುತ್ತದೆ. ಜಗಳವಂತೂ ನಿಜ. ಅದು ಮುನ್ನೂರ ನಲವತ್ತು ರೂಪಾಯಿಯದು.

"ದುರ್ಗದಬೈಲ್‌ದಾಗ ಮುನ್ನೂರಾ ನಲವತ್ತು ಹೋಗೇತಿ. ಏನ್ ತಗೊಂಡಿ?" ಎಂದು ಕೇಳಿದೆ. ಅವಳಿನ್ನೂ ಚಪ್ಪಲಿ ಬಿಟ್ಟಿರಲಿಲ್ಲ.

"ಒಳಗ ಬರ್ಲೇನ್ರಿ, ಇಲ್ಲಾ ಇಲ್ಲೇ ನಿಂತು ಲೆಕ್ಕಾ ಒಪ್ಪಸ್ಲ್ಯಾ?"

ಆಗ ನಮ್ಮಿಬ್ಬರ ಪಗಾರವೂ ಒಂದೇ ಜಂಟಿ ಖಾತೆಗೆ ಬೀಳುತ್ತಿತ್ತು. ಬ್ಯಾಂಕಿನ ಸಂದೇಶಗಳು ಬರುತ್ತಿದ್ದದ್ದು ನನ್ನ ಫೋನಿಗೆ. ಅವಳು ಹುಬ್ಬಳ್ಳಿಯಲ್ಲಿ ಚಹಾ ಕುಡಿದರೆ ಧಾರವಾಡದ ಶಾಲೆಯಲ್ಲಿ ನನ್ನ ಕಿಸೆ ನಡುಗುತ್ತಿತ್ತು. ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವವನು. ಖರ್ಚು ಬರೆದಿಡುವ ಆ್ಯಪ್ ಹಾಕಿಕೊಂಡವನೂ ನಾನೇ. ತಿಂಗಳ ಕೊನೆಗೆ ಅದು ಬಣ್ಣದ ಹೋಳುಗಳ ಒಂದು ವೃತ್ತ ತೋರಿಸುತ್ತಿತ್ತು, ನನಗೆ ಆ ವೃತ್ತದ ಬಗ್ಗೆ ಹೆಮ್ಮೆಯಿತ್ತು.

"ನಿಮ್ಮ ಜಲವರ್ಣದ ಹಾಳಿ ಒಂದಕ್ಕ ಇನ್ನೂರು ರೂಪಾಯಿ. ಅದಕ್ಕ 'ಶಿಕ್ಷಣ' ಅಂತ ಬರದೀರಿ. ನಾ ಕೈಗೆ ಬಳಿ ತಗೊಂಡ್ರ 'ಇತರೆ'. ಆ 'ಇತರೆ' ಅಂದ್ರ ಯಾರ್ರೀ? ನಾನಾ?"

ಒಳಕೋಣೆಯಿಂದ ಅವ್ವ ಮಾತಾಡಿದಳು. ನಮ್ಮಪ್ಪ ರೈಲ್ವೆ ಕಾರ್ಖಾನೆಯಲ್ಲಿದ್ದವನು. ಅವನು ಹೋದ ಮೇಲೆ ಅವ್ವನಿಗೆ ಪಿಂಚಣಿ ಬರುತ್ತದೆ.

"ನನ್ನ ಪಿಂಚಣಿ ಯಾವನರ ಕೇಳ್ತಾನೇನು? ಅಡಿಕಿ ತಿಂತೀನಿ, ಮೊಮ್ಮಗಳಿಗೆ ಕೊಡ್ತೀನಿ, ದಾರ್ಯಾಗ ಚೆಲ್ತೀನಿ. ಕೇಳಾವ್ರಿಲ್ಲ. ಅದಕ್ಕ ನಾ ಯಾರ ಜೋಡೀನೂ ಜಗಳಾಡಂಗಿಲ್ಲ."

"ಜಗಳಾಡಂಗಿಲ್ಲ ಅನ್ನೂದೊಂದು ಬಿಟ್ಟು ಉಳದದ್ದೆಲ್ಲಾ ಖರೇ ಅತ್ತಿ," ಎಂದಳು ಹೆಂಡತಿ. ಆಮೇಲೆ ನನ್ನ ಕಡೆ ತಿರುಗಿ, "ನಮಗೂ ಅಂಥಾದ್ದೊಂದು ಪಿಂಚಣಿ ಮಾಡೋಣೇನ್ರಿ?" ಎಂದಳು.

ಇದನ್ನು ಮೊದಲು ಹೇಳಿದವನು ನಾನು ಎಂದು ಹಲವು ವರ್ಷ ನಂಬಿದ್ದೆ. ಈಗ ಬರೆಯುವಾಗ ಮಾತು ಅವಳ ಬಾಯಿಂದ ಬರುತ್ತಿದೆ. ಬರಲಿ, ಅಲ್ಲೇ ಅದು ಹೆಚ್ಚು ಹೊಂದುತ್ತದೆ.

ಮರುದಿನವೋ ಮೂರನೇ ದಿನವೋ ಶೇಂಗಾ ಸುಲಿಯುತ್ತ ಕುಳಿತು ಮಾತಾಡಿದೆವು. ಮನೆ ಸಾಲದ ಕಂತು, ಸಂತೆ, ಮಗಳ ಫೀ, ಅವ್ವನ ಗುಳಿಗೆ, ಉಳಿತಾಯ, ಇವೆಲ್ಲ ಜಂಟಿ ಖಾತೆಯಿಂದ ಹೋಗಬೇಕು. ಉಳಿದದ್ದರಲ್ಲಿ ಇಬ್ಬರಿಗೂ ಒಂದೊಂದು ಮೊತ್ತ, ಅವರವರ ಸ್ವಂತ ಖಾತೆಗೆ. ಅದು ಎಲ್ಲಿ ಹೋಯಿತೆಂದು ಯಾರೂ ಕೇಳುವಂತಿಲ್ಲ, ಬರೆದಿಡುವಂತಿಲ್ಲ. ಉಳಿದರೆ ಉಳಿಸಿಕೊಂಡವರದ್ದೇ. ತೀರಿದರೆ ಮುಂದಿನ ತಿಂಗಳವರೆಗೆ ಸುಮ್ಮನಿರಬೇಕು.

ನನ್ನ ಪಗಾರ ಹೆಚ್ಚು. ಆದ್ದರಿಂದ ಪಗಾರಕ್ಕೆ ತಕ್ಕಂತೆ ಪಾಲು ಇರಲಿ ಎಂದೆ.

"ನಿಮ್ಮ ಪಗಾರ ದೊಡ್ಡದಂತ ನಿಮ್ಮ ಆಸೆನೂ ದೊಡ್ಡದೇನ್ರಿ?"

ಸಮಪಾಲಾಯಿತು. ಎಷ್ಟು? ನಾನು ಎರಡು ಸಾವಿರ ಎಂದೆ. ಅವಳು ಸಿಪ್ಪೆ ಊದಿ ನಕ್ಕಳು. "ಎರಡು ಇಪ್ಪತ್ತನೇ ತಾರೀಖಿಗೆ ಮುಗೀತಾವು. ಮತ್ತ ನಾ ನಿಮ್ಮನ್ನ ಕೇಳ್ಬೇಕು. ಕೇಳೂದು ತಪ್ಪಬೇಕಂತ ಮಾಡೂದು ಇದು." ಅವಳ ಮಾತು ಸರಿಯಿತ್ತು. ಸಂತೆಯ ಖರ್ಚು ಸ್ವಲ್ಪ ಹಿಡಿದು ನಾಲ್ಕಕ್ಕೆ ಒಪ್ಪಿದೆವು.

ತಕರಾರು ಬಂದದ್ದು ಆಹೇರಿಯ ಮೇಲೆ. ಮದುವೆ, ತೊಟ್ಟಿಲು, ಮನೆ ಒಕ್ಕಲು ಎಂದು ಬೀಗರ ಮನೆಗೆ ಒಯ್ಯುವ ಬಟ್ಟೆ, ರೊಕ್ಕ. ಅವಳ ತಮ್ಮನ ಮನೆಯ ಆಹೇರಿ ಅವಳ ನಾಲ್ಕರಲ್ಲಿ ಹೋಗಲಿ ಎಂದುಬಿಟ್ಟೆ.

"ಮತ್ತ ನಿಮ್ಮಕ್ಕನ ಮನಿದು?"

"ಅದು ಮನೆತನದ್ದು."

"ಅಲಲಲಾ! ನಿಮ್ಮಕ್ಕ ಮನೆತನ, ನನ್ನ ತಮ್ಮ ಚೈನಿ!"

ಅವ್ವನೂ ನಕ್ಕಳು. ಆಹೇರಿ ಎರಡೂ ಕಡೆಯದು ಜಂಟಿಗೆ ಹೋಯಿತು. ಜಲವರ್ಣದ ಹಾಳಿ ನನ್ನ ನಾಲ್ಕಕ್ಕೆ ಬಂತು, ಬಳೆ ಅವಳ ನಾಲ್ಕಕ್ಕೆ. ಡ್ಯೂಟಿಗೆ ಹಾಕುವ ಬೂಟು ಜಂಟಿ, ಅಂದಕ್ಕೆ ಹಾಕುವ ಚಪ್ಪಲಿ ಸ್ವಂತ. ಬ್ಯಾಂಕಿನಲ್ಲಿ ಹೇಳಿ, ಪ್ರತಿ ತಿಂಗಳ ಐದನೇ ತಾರೀಖು ಹಣ ತಾನೇ ಇಬ್ಬರ ಖಾತೆಗೂ ಹೋಗುವಂತೆ ಮಾಡಿಸಿದೆವು. ಯಾರ ಕೈಯೂ ಯಾರಿಗೂ ಕೊಡಬಾರದು ಎಂಬುದು ಅವಳ ಹಟ. ಆ್ಯಪನ್ನು ಅವಳ ಎದುರಿಗೇ ಅಳಿಸಿದೆ.

ಇದು ಕೆಲಸ ಮಾಡಿತು. ಈ ಮಾತನ್ನು ಅನುಮಾನವಿಲ್ಲದೆ ಬರೆಯಬಲ್ಲೆ. ಮೊದಲ ತಿಂಗಳು ಹದಿನೆಂಟಕ್ಕೇ ನನ್ನ ನಾಲ್ಕು ತೀರಿತ್ತು. ಮುಂದಿನ ಐದನೇ ತಾರೀಖಿನವರೆಗೆ ಹಳೆಯ ಹಾಳೆಗಳ ಬೆನ್ನ ಮೇಲೆ ಚಿತ್ರ ಬರೆದೆ. ಯಾರೂ ಬೈಯಲಿಲ್ಲ, ಯಾರೂ ಕನಿಕರಿಸಲಿಲ್ಲ. ಬಾಗಿಲಲ್ಲಿ ಲೆಕ್ಕ ಒಪ್ಪಿಸುವುದು ನಿಂತಿತು. ಅವಳು ಒಳಗೆ ಬಂದು ಮೊದಲು ಕಾಲು ತೊಳೆದು, ಆಸ್ಪತ್ರೆಯ ಸುದ್ದಿ ಹೇಳತೊಡಗಿದಳು. ಸುದ್ದಿ ಹೇಳುವ ಹೆಂಗಸು ಅವಳೆಂಬುದನ್ನೇ ನಾನು ಮರೆತಿದ್ದೆ.

ಇನ್ನು ನಾನು ಮಾಡಿದ್ದು.

ಅವಳ ಸ್ವಂತ ಖಾತೆ ಮದುವೆಯಾದ ಹೊಸದರಲ್ಲಿ ತೆರೆದದ್ದು. ಅವಳಿಗೆ ಆಗ ಇ-ಮೇಲ್ ಇರಲಿಲ್ಲ. ಅರ್ಜಿ ತುಂಬಿದವನು ನಾನು, ಆ ಜಾಗದಲ್ಲಿ ನನ್ನದನ್ನೇ ಬರೆದಿದ್ದೆ. ಮೊಬೈಲ್ ನಂಬರು ಅವಳದೇ, ಸಂದೇಶ ಅವಳಿಗೇ ಹೋಗುತ್ತಿತ್ತು. ಆದರೆ ಬ್ಯಾಂಕು ಮೇಲ್ ಕೂಡ ಕಳಿಸುತ್ತದೆ. ವರ್ಷಗಟ್ಟಲೆ ಆ ಖಾತೆಯಲ್ಲಿ ಏನೂ ನಡೆಯದ್ದರಿಂದ ನನಗೆ ನೆನಪೇ ಇರಲಿಲ್ಲ. ನಾಲ್ಕು ಸಾವಿರ ಬೀಳತೊಡಗಿದ ಮೇಲೆ ಒಂದು ಶುಕ್ರವಾರ ಮೇಲ್ ಬಂತು: ನಾಲ್ಕು ನೂರು ರೂಪಾಯಿ ಸಂದಾಯ. ಮುಂದಿನ ಶುಕ್ರವಾರವೂ ನಾಲ್ಕು ನೂರು. ಅದರ ಮುಂದಿನ ಶುಕ್ರವಾರವೂ.

ಮೊದಲ ಮೇಲ್ ಬಂದ ದಿನವೇ ಅವಳಿಗೆ ಹೇಳಬಹುದಿತ್ತು. ಹೇಳಲಿಲ್ಲ. ಕೇಳುವುದಿಲ್ಲ ಎಂದಷ್ಟೇ ಮಾತು ಕೊಟ್ಟಿದ್ದೇನೆ, ನೋಡುವುದಿಲ್ಲ ಎಂದಿಲ್ಲವಲ್ಲ ಎಂದು ನನಗೆ ನಾನೇ ವಕೀಲನಾದೆ. ಒಂದೊಂದು ಸಾಲಿನ ಮೇಲುಗಳನ್ನಷ್ಟೇ ನೋಡಿದೆ, ತಿಂಗಳ ಕೊನೆಯ ಪೂರ್ತಿ ಪಟ್ಟಿ ತೆರೆಯಲಿಲ್ಲ ಎಂಬುದು ನನ್ನ ನೆನಪು. ಆ ಪಟ್ಟಿ ತೆರೆಯಲು ಗುಪ್ತಪದವಾಗಿ ಅವಳ ಹುಟ್ಟಿದ ತಾರೀಖು ಬೇಕು, ಅದು ನನಗೆ ಗೊತ್ತು. ಆದರೆ ಒಂದು ತಿಂಗಳ ಕೊನೆಗೆ ಅವಳಲ್ಲಿ ಒಂಬೈನೂರ ಹತ್ತು ರೂಪಾಯಿ ಉಳಿದಿತ್ತು ಎಂಬುದೂ ನನಗೆ ನೆನಪಿದೆ. ಉಳಿಕೆ ಇರುವುದು ಪಟ್ಟಿಯಲ್ಲಿ ಮಾತ್ರ. ಹಾಗಾದರೆ ತೆರೆದಿದ್ದೇನೆ. ತೆರೆದ ಬೆರಳು ನೆನಪಿಲ್ಲ, ಕಂಡ ಅಂಕಿ ನೆನಪಿದೆ.

ಸಿಕ್ಕಿಬಿದ್ದದ್ದು ಚಪ್ಪಲಿಯಿಂದ. ಅವಳು ಹೊಸ ಚಪ್ಪಲಿ ಹಾಕಿಕೊಂಡು ಬಂದು ಅವ್ವನ ಮುಂದೆ ಒಂದು ಸುತ್ತು ತಿರುಗಿದಳು.

"ಎಷ್ಟಿರಬೇಕು ಹೇಳ್ರಿ ಅತ್ತಿ."

"ಎಂಟ್ನೂರ?"

"ನೀವ್ ಹೇಳ್ರಿ," ಎಂದು ನನ್ನನ್ನು ನೋಡಿದಳು.

"ಆರನೂರಾ ಐವತ್ತೈದು."

ಅವಳು ತಿರುಗುವುದನ್ನು ನಿಲ್ಲಿಸಿದಳು. "ಆ ಐದು ಹ್ಯಾಂಗ ಗೊತ್ತಾತ್ರಿ?"

"ಸುಮ್ನ ಅಂದಾಜು."

"ಛಲೋ ಅಂದಾಜು," ಎಂದು ಒಳಗೆ ಹೋದಳು. ಅವ್ವ ನನ್ನ ಮುಖವನ್ನು ನೋಡುತ್ತ ಅಡಕೆ ಅಗಿಯುತ್ತಿದ್ದಳು.

ಮುಂದಿನ ತಿಂಗಳ ಆರನೇ ತಾರೀಖು ಒಂದೇ ಮೇಲ್ ಬಂತು. ಎ.ಟಿ.ಎಂ.ನಿಂದ ನಾಲ್ಕು ಸಾವಿರ, ಒಂದೇ ಸಲಕ್ಕೆ. ಆಮೇಲೆ ಇಡೀ ತಿಂಗಳು ಏನೂ ಇಲ್ಲ.

ಆ ಖಾಲಿ ತಿಂಗಳು ಎಲ್ಲ ಜಗಳಗಳಿಗಿಂತ ಕೆಟ್ಟದಾಗಿತ್ತು. ಅವಳು ಮೊದಲಿನಂತೆಯೇ ಕಾಲು ತೊಳೆದು ಒಳಗೆ ಬರುತ್ತಿದ್ದಳು. ಸುದ್ದಿ ಮಾತ್ರ ಕಡಿಮೆಯಾಯಿತು. ಯಾರ ಜೊತೆ ಚಹಾ ಕುಡಿದಳು, ಯಾವ ಗೆಳತಿ ಸಿಕ್ಕಳು, ಬಸ್ಸಿನಲ್ಲಿ ಏನಾಯಿತು, ಇವು ಒಂದೊಂದಾಗಿ ಉದುರಿದವು. ನನ್ನಿಂದ ಮುಚ್ಚಿಡಲು ಅವಳ ಬಳಿ ಏನೂ ಇಲ್ಲದಿದ್ದಾಗಲೂ ಮುಚ್ಚಿಡುವುದನ್ನು ನಾನು ಕಲಿಸಿಬಿಟ್ಟಿದ್ದೆ. ಹೀಗೇ ಬಿಟ್ಟರೆ ನಮ್ಮ ಮನೆಯಲ್ಲಿ ಜಗಳವಿಲ್ಲದ, ಮಾತೂ ಇಲ್ಲದ ಒಂದು ಸಂಸಾರ ಉಳಿಯುತ್ತದೆ ಅನಿಸಿತು.

ಒಂದು ಸಂಜೆ ಅವಳು ರೊಟ್ಟಿ ಬಡಿಯುವಾಗ ಫೋನನ್ನು ಅವಳೆದುರು ಹಿಡಿದೆ. ಮೇಲುಗಳ ಸಾಲು. ಅವಳು ಹಿಟ್ಟಿನ ಕೈಯನ್ನು ದೂರ ಹಿಡಿದು ಓದಿದಳು.

"ಎಲ್ಲಾ ನೋಡೀರಿ?"

"ಹೂಂ."

"ಎಂದಿನಿಂದ?"

"ಮೊದಲ ತಿಂಗಳಿಂದ."

ತವೆಯ ಮೇಲಿನ ರೊಟ್ಟಿ ಹೊತ್ತುವುದಕ್ಕೆ ಮೊದಲು ಅದನ್ನು ತಿರುವಿದಳು. "ನಾ ನಿಮ್ಮ ಹಾಳಿ ಎಷ್ಟಕ್ಕ ಬಂತಂತ ಒಂದಿನಾರ ಕೇಳೇನೇನ್ರಿ? ಕೇಳೂದು ಬ್ಯಾಡ, ಒಳಗೊಳಗ ಲೆಕ್ಕಾ ಮಾಡೇನೇನು?"

"ಇಲ್ಲ."

"ಮಾಡೇನಿ ತಗೋರಿ. ಮೊದಲ್ನೇ ತಿಂಗಳು. ಆಮೇಲೆ ಬ್ಯಾಸರಾಗಿ ಬಿಟ್ಟೆ." ನಗುತ್ತಾಳೆಂದು ನಾನು ಕಾದೆ, ನಗಲಿಲ್ಲ. "ನಾಳಿ ಅರ್ಧಾ ದಿನ ರಜಾ ಹಾಕ್ರಿ."

ಮರುದಿನ ಬ್ಯಾಂಕಿನಲ್ಲಿ ಇ-ಮೇಲ್ ಬದಲಿಸುವ ಅರ್ಜಿಯನ್ನು ನಾನೇ ಕೈಗೆತ್ತಿಕೊಂಡೆ, ರೂಢಿ. ಕೌಂಟರಿನ ಹುಡುಗಿ ಅದನ್ನು ಮೆಲ್ಲಗೆ ನನ್ನಿಂದ ಜಗ್ಗಿಕೊಂಡು ಹೆಂಡತಿಯ ಮುಂದಿಟ್ಟಳು. "ಖಾತಿ ಯಾರ ಹೆಸರ್ಲೆ ಐತೋ ಅವ್ರ ತುಂಬಬೇಕ್ರಿ ಸರ. ನೀವು ಅಲ್ಲಿ ಫ್ಯಾನಿನ ಕೆಳಗ ಕುಂಡ್ರಿ, ಗಾಳಿ ಛಲೋ ಬರ್ತೈತಿ."

ಫ್ಯಾನಿನ ಕೆಳಗೆ ಕುಳಿತೆ. ಅವಳು ಹೊಸ ಇ-ಮೇಲ್ ಮಾಡಿಕೊಂಡಿದ್ದಳು. ಅದರ ಅಕ್ಷರಗಳನ್ನು ಬರೆಯುವಾಗ ಎಡಗೈ ಅಡ್ಡ ಹಿಡಿದಿದ್ದಳು, ಪರೀಕ್ಷೆಯಲ್ಲಿ ಮಗಳು ಹಿಡಿಯುವ ಹಾಗೆ. ಗುರುತಿನ ಚೀಟಿಯ ಪ್ರತಿ ಕೊಟ್ಟು, ಸಹಿ ಮಾಡಿ ಬಂದಳು. ಹೊರಗೆ ಬಂದ ಮೇಲೆ ನನ್ನ ಫೋನು ಕೇಳಿದಳು. ಬ್ಯಾಂಕಿನ ಆ ಮೇಲುಗಳನ್ನೆಲ್ಲ ಒಂದೊಂದಾಗಿ ಅಳಿಸಿದಳು, ಕಸದ ಡಬ್ಬಿಯಲ್ಲಿದ್ದವನ್ನೂ. ಏನೇನು ಓದಿದಿರಿ, ಏನು ತಿಳಿದುಕೊಂಡಿರಿ ಎಂದು ಕೇಳಲಿಲ್ಲ. ನಾನು ಶುಕ್ರವಾರದ ಮಾತು ಎತ್ತಲು ಬಾಯಿ ತೆರೆದೆ.

"ಬ್ಯಾಡ್ರಿ," ಎಂದಳು. "ಈಗ ಕೇಳಿದ್ರ ನಾ ಹೇಳ್ತೀನಿ. ಹೇಳಿದ್ರ ನಾಲ್ಕು ಸಾವಿರ ಮತ್ತ ನಿಮ್ಮ ಕೈಯಾಗ ಬಂದಂಗ."

ನಾನು ಬಾಯಿ ಮುಚ್ಚಿದೆ. ನನ್ನ ಬದುಕಿನಲ್ಲಿ ಗಟ್ಟಿ ಮನಸ್ಸಿನಿಂದ ಮಾಡಿದ ಕೆಲಸಗಳಲ್ಲಿ ಅದೊಂದು.

ಈಗ ಆ ನಾಲ್ಕು ಸಾವಿರ ಐದಾಗಿದೆ, ಇಬ್ಬರಿಗೂ. ಮಳಿಗೆಗಳಲ್ಲಿ ಅವಳು ಮತ್ತೆ ಫೋನಿನಿಂದಲೇ ಹಣ ಕೊಡುತ್ತಾಳೆ, ನಾನು ಪಕ್ಕದಲ್ಲಿದ್ದರೂ. ಬಸ್ಸಿನ ಸುದ್ದಿ ಮರಳಿ ಬಂದಿದೆ. ಮೊದಲಿನಷ್ಟೇ ಬಂದಿದೆಯೋ, ಸ್ವಲ್ಪ ಆಯ್ದು ತೆಗೆದು ಬರುತ್ತಿದೆಯೋ ಅಳೆಯಲು ನನ್ನಲ್ಲಿ ಸಾಧನವಿಲ್ಲ. ಶುಕ್ರವಾರದ ನಾಲ್ಕು ನೂರು ಯಾರಿಗೆ ಹೋಗುತ್ತಿತ್ತು, ಈಗಲೂ ಹೋಗುತ್ತಿದೆಯೇ, ನನಗೆ ಗೊತ್ತಿಲ್ಲ.